ಹಗ್ಗಕ್ಕೆ ಎಷ್ಟು ಹೆಜ್ಜೆ?

ಕೇಳುಗರಿಗೆ ನಮಸ್ಕಾರ.

ನನಗಾಗ 10 ವರ್ಷ. ಬೇಸಿಗೆ ರಜೆಗೆ ರಾಣೆಬೆನ್ನೂರು ಕಡೆಯ ಅಜ್ಜನ ಊರಿಗೆ ಹೋಗಿದ್ದೆ. ಅಜ್ಜನ ಎರೆ ಹೊಲದ ಒಂದು ತುಂಡನ್ನು ಟ್ರ್ಯಾಕ್ಟರಿನವರು ಆಗಷ್ಟೇ ಉತ್ತು ಮುಗಿಸಿದ್ದರು. ಗುಂಟೆಗೆ ಇಷ್ಟು ಅಂತ ಕೂಲಿ ಮಾತಾಗಿತ್ತು. ಅವರು ನಾಲ್ಕೂ ಬದಿ ಅಳೆದು 23 ಗುಂಟೆ ಅಂದರು. ಅಜ್ಜ ಜಗಳ ಆಡಲಿಲ್ಲ. "ನಾಳೆ ಬೆಳಿಗ್ಗೆ ಬನ್ನಿ, ಇನ್ನೊಂದು ಸಲ ಅಳೆಯೋಣ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ ಪುಟ್ಟಿ, ಹಗ್ಗ ಹಿಡಿಯೋಕೆ ಒಬ್ಬರು ಬೇಕು" ಅಂದರು.

ಅಜ್ಜನ ಹಗ್ಗ ಪುಂಡಿ ನಾರಿನದು, ಸರಿಯಾಗಿ 33 ಅಡಿ. ಯಾಕೆ 33 ಅಂದರೆ, 33 ಅಡಿ ಉದ್ದ, 33 ಅಡಿ ಅಗಲದ ಚೌಕ ನೆಲವೇ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಹಗ್ಗದ ಲೆಕ್ಕದಲ್ಲಿ ಉದ್ದ, ಅಗಲ ಅಳೆದು ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುತ್ತದೆ. ಅಡಿಗೆ ತಿರುಗಿಸಿ ಭಾಗಿಸುವ ಕೆಲಸವೇ ಇಲ್ಲ.

ಒಂದು ಹಗ್ಗಕ್ಕೆ 16 ಆಣೆ. ನಾಲ್ಕಾಣೆಗೊಂದರಂತೆ ಅಜ್ಜ ಹಗ್ಗಕ್ಕೆ ಬಣ್ಣದ ಬಟ್ಟೆ ಚೂರು ಹೊಲಿದಿದ್ದರು. ಗಂಟು ಹಾಕಿರಲಿಲ್ಲ. ಗಂಟು ಹಾಕಿದರೆ ಹಗ್ಗವೇ ಗಿಡ್ಡ ಆಗುತ್ತದೆ, ಅಲ್ವಾ? ಹೊರಡುವ ಮುಂಚೆ ಹಗ್ಗವನ್ನು ಕೊಟ್ಟಿಗೆ ಗೋಡೆಗೆ ಹಿಡಿದು ನೋಡಿದರು. ಅಲ್ಲಿ 33 ಅಡಿ ದೂರಕ್ಕೆ ಎರಡು ಮೊಳೆ ಹೊಡೆದಿತ್ತು. ನಾರಿನ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ಎಳೆದೆಳೆದು ಹಳತಾದರೆ ಹಿಗ್ಗುತ್ತದೆ. ಮೊಳೆಗೆ ಮೊಳೆ ಸರಿಹೋದ ಮೇಲೇ ಹಗ್ಗ ಹೆಗಲಿಗೇರಿತು.

ಬಂಡಿ ದಾರಿಯಲ್ಲಿ ಅಜ್ಜ ಹಗ್ಗ ಹಾಸಿದರು. "ಶಾಲೆಗೆ ಹೇಗೆ ನಡೀತೀಯೋ ಹಾಗೇ ನಡಿ. ಉದ್ದ ಹೆಜ್ಜೆ ಹಾಕಬೇಡ." ಎಣಿಸಿದೆ. 16 ಹೆಜ್ಜೆ. ಇನ್ನೆರಡು ಸಲ ನಡೆಸಿದರು. ಮತ್ತೆ 16. ಅಜ್ಜನ ಮುಖ ಅರಳಿತು. "ಹಗ್ಗಕ್ಕೆ 16 ಆಣೆ, ನಿನಗೆ 16 ಹೆಜ್ಜೆ. ನಿನ್ನ ಕಾಲು ಒಂದೊಂದು ಆಣೆ ಅಳೀತದೆ!" ಅಜ್ಜನಿಗೆ ಹಗ್ಗಕ್ಕೆ 13 ಹೆಜ್ಜೆ. ನನಗೆ ಎಷ್ಟು ಹೆಮ್ಮೆ ಆಗಿತ್ತು ಅಂದರೆ, ಹೊಲ ಬರುವವರೆಗೂ ಎಣಿಸಿಕೊಂಡೇ ನಡೆದೆ.

ಟ್ರ್ಯಾಕ್ಟರಿನವರು ಆಗಲೇ ಬಂದಿದ್ದರು. ಮೊದಲು ಅವರು ಅಳೆದಂತೆಯೇ ಬದಿಗಳನ್ನು ಅಳೆದೆವು. ಬೇವಿನ ಗಿಡದಿಂದ ಜಾಲಿ ಗಿಡಕ್ಕೆ 5 ಹಗ್ಗ. ಜಾಲಿಯಿಂದ ಗಡಿ ಕಲ್ಲಿಗೆ 5. ಕಲ್ಲಿನಿಂದ ಬಾವಿ ಮೂಲೆಗೆ ಮೂರೂಮುಕ್ಕಾಲು. ಬಾವಿಯಿಂದ ಮತ್ತೆ ಬೇವಿಗೆ ಐದೂವರೆ. ಅವರ ಅಳತೆಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಎದುರು ಬದುರಿನ ಬದಿಗಳನ್ನು ಕೂಡಿ ಅರ್ಧ ಮಾಡಿದರೆ ಒಂದು ಕಡೆ 4 ಹಗ್ಗ 6 ಆಣೆ, ಇನ್ನೊಂದು ಕಡೆ 5 ಹಗ್ಗ 4 ಆಣೆ. ಗುಣಿಸಿದರೆ ಹೆಚ್ಚುಕಡಿಮೆ 23. ಹಾಗಾದರೆ ಅವರ ಲೆಕ್ಕವೇ ಸರಿ ಅಂದುಕೊಂಡೆ.

ಅಜ್ಜ ಬದುವಿನ ಮೇಲಿಂದ ನಾಲ್ಕು ಜೋಳದ ದಂಟು ಆರಿಸಿ, ತುದಿ ತುದಿ ದಾರದಲ್ಲಿ ಕಟ್ಟಿ ಒಂದು ಚೌಕ ಮಾಡಿದರು. ನನ್ನ ಕೈಗೆ ಕೊಟ್ಟು, "ಈ ಮೂಲೆ, ಆ ಮೂಲೆ ಹಿಡಿದು ಎಳಿ" ಅಂದರು. ಎಳೆದೆ. ಚೌಕ ವಾಲಿತು. ಇನ್ನೂ ಎಳೆದೆ. ನಾಲ್ಕೂ ದಂಟು ಒಂದಕ್ಕೊಂದು ತಾಗಿಕೊಂಡು ನಡುವೆ ಜಾಗವೇ ಇಲ್ಲದಂತಾಯಿತು. "ದಂಟು ಗಿಡ್ಡ ಆದವಾ?" "ಇಲ್ಲ ಅಜ್ಜ." "ಒಳಗಿನ ನೆಲ ಎಲ್ಲಿ ಹೋಯ್ತು?" ನಾನು ಸುಮ್ನೆ ನಿಂತೆ. ಟ್ರ್ಯಾಕ್ಟರಿನವರೂ ಬಗ್ಗಿ ನೋಡುತ್ತಿದ್ದರು. ಅಜ್ಜ ಅದನ್ನು ಮತ್ತೆ ಅಗಲಿಸಿ, ಮೂಲೆಯಿಂದ ಮೂಲೆಗೆ ಐದನೇ ದಂಟು ಅಡ್ಡ ಕಟ್ಟಿದರು. ಈಗ ಎಳೆದರೆ ಅಲ್ಲಾಡಲೇ ಇಲ್ಲ. ನಮ್ಮ ಹೊಲ ವಾಲಿದ ಹೊಲ. ಬದಿ ಅಳೆದರೆ ಸಾಲದು, ಆ ಐದನೇ ದಂಟನ್ನೂ ಅಳೆಯಬೇಕು.

ಬೇವಿನಿಂದ ಗಡಿ ಕಲ್ಲಿಗೆ ನೇರ ಗೆರೆ ಹಿಡಿದೆವು. ಅಜ್ಜ ಬೇವಿನ ಬುಡದಲ್ಲಿ ನಿಂತು ಒಂದು ಕಣ್ಣು ಮುಚ್ಚಿ ಕಲ್ಲು ನೋಡುತ್ತಾ, "ಎಡಕ್ಕೆ, ಇನ್ನೊಂಚೂರು, ಹಾಂ, ಊರು" ಅನ್ನುತ್ತಿದ್ದರು. ನಾನು ಹಗ್ಗಕ್ಕೊಂದು ಕಡ್ಡಿ ಊರುತ್ತಾ ಹೋದೆ. ಸರಿಯಾಗಿ 8 ಹಗ್ಗ.

ವಾಪಸ್ ಬರುವಾಗ ಹೆಜ್ಜೆ ಎಣಿಸಿದೆ. 128 ಬರಬೇಕಿತ್ತು, 136 ಬಂತು. ಎಣಿಕೆ ತಪ್ಪಿದೆ ಅಂತ ಅಳು ಬಂತು. ಅಜ್ಜ ಉತ್ತ ಮಣ್ಣಿನ ಮೇಲೆ ಹಗ್ಗ ಹಾಸಿ ಮತ್ತೆ ನಡೆಸಿದರು. ಈ ಸಲ 17 ಹೆಜ್ಜೆ. ಹೆಂಟೆ ಮೇಲೆ ಕಾಲು ಜಾರುತ್ತದೆ, ಹೆಜ್ಜೆ ಗಿಡ್ಡ ಆಗುತ್ತದೆ. ಎಂಟು ಹದಿನೇಳಲ 136, ಎಣಿಕೆ ಸರಿಯೇ ಇತ್ತು. ಬರೀ ಹೆಜ್ಜೆಯಲ್ಲೇ ಅಳೆದು, ದಾರಿಯ 16ರ ಲೆಕ್ಕ ಹಿಡಿದಿದ್ದರೆ ಉದ್ದದಲ್ಲೂ ತಪ್ಪು, ಅಗಲದಲ್ಲೂ ತಪ್ಪು. ಆ ಎರಡೂ ಸೇರಿ ಹೆಚ್ಚುಕಡಿಮೆ ಎರಡೂಮುಕ್ಕಾಲು ಗುಂಟೆ ಜಾಸ್ತಿ ತೋರಿಸುತ್ತಿತ್ತು. ಯಾವ ನೆಲ ಅಳೆಯಬೇಕೋ ಆ ನೆಲದ ಮೇಲೇ ಹೆಜ್ಜೆ ಗೊತ್ತು ಮಾಡಿಕೊಳ್ಳಬೇಕು.

ಇನ್ನು ಉಳಿದದ್ದು ಆ ಗೆರೆಯಿಂದ ಜಾಲಿ ಗಿಡ ಎಷ್ಟು ದೂರ, ಬಾವಿ ಮೂಲೆ ಎಷ್ಟು ದೂರ ಅನ್ನುವುದು. ಓರೆಯಾಗಿ ಅಳೆದರೆ ಜಾಸ್ತಿ ಬರುತ್ತದೆ, ನೆಟ್ಟಗೆ ಅಳೆಯಬೇಕು. ಅದಕ್ಕೆ ಅಜ್ಜನ ಹತ್ತಿರ 12 ಮೊಳದ ಇನ್ನೊಂದು ಹಗ್ಗವಿತ್ತು. ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ, 3 ಮೊಳ, 4 ಮೊಳ, 5 ಮೊಳಕ್ಕೆ ಗುರುತು ಹಾಕಿತ್ತು. ಮೂರು ಗುರುತಿಗೂ ಗೂಟ ಕೊಟ್ಟು ಬಿಗಿಯಾಗಿ ಎಳೆದರೆ 3ರ ಬದಿ, 4ರ ಬದಿ ಸೇರುವ ಮೂಲೆ ಗೋಡೆ ಮೂಲೆಯಷ್ಟು ನೆಟ್ಟಗೆ ನಿಲ್ಲುತ್ತದೆ. 4ರ ಬದಿಯನ್ನು ನಮ್ಮ ಗೆರೆಗೆ ಕೂಡಿಸಿ, 3ರ ಬದಿ ನೇರ ಜಾಲಿ ಗಿಡದ ಕಡೆ ನೋಡುವವರೆಗೂ ಜರುಗಿಸುತ್ತಾ ಹೋದೆವು. ಬೇವಿನಿಂದ 4 ಹಗ್ಗ ದೂರದಲ್ಲಿ ಆ ಜಾಗ ಸಿಕ್ಕಿತು. ಅಲ್ಲಿಂದ ಜಾಲಿಗೆ 3 ಹಗ್ಗ, ನನ್ನ ಕಾಲಿಗೆ 51 ಹೆಜ್ಜೆ. ಜಾಗ ಸರಿಯಿದೆಯಾ ಅಂತ ನೋಡಲು ಅಜ್ಜ ಗೆರೆಯ ಮೇಲೆ ಐದಾರು ಹೆಜ್ಜೆ ಆಚೆ ಒಮ್ಮೆ, ಈಚೆ ಒಮ್ಮೆ ನಿಂತು ಅಳೆಸಿದರು. ಎರಡು ಕಡೆಯೂ 3ಕ್ಕಿಂತ ಜಾಸ್ತಿ ಬಂತು. ಎಲ್ಲಿ ಅತಿ ಕಡಿಮೆಯೋ ಅದೇ ಸರಿಯಾದ ಜಾಗ. ಬಾವಿ ಮೂಲೆಗೂ ಹೀಗೇ ಮಾಡಿದೆವು. ಎರಡೂಕಾಲು ಹಗ್ಗ.

ಲೆಕ್ಕವನ್ನು ನಾನೇ ಮಣ್ಣಲ್ಲಿ ಬರೆದೆ. ಜಾಲಿ ಕಡೆಯ ತುಂಡು ಎಂಟು ಮೂರಲ 24, ಮುಕ್ಕೋನ ಆದ್ದರಿಂದ ಅದರ ಅರ್ಧ 12. ಬಾವಿ ಕಡೆಯದು ಎಂಟು ಎರಡೂಕಾಲಲ 18, ಅರ್ಧ 9. ಎರಡೂ ಸೇರಿ 21 ಗುಂಟೆ.

ಟ್ರ್ಯಾಕ್ಟರಿನವರು ನಾನು ಬರೆದದ್ದನ್ನೇ ಸ್ವಲ್ಪ ಹೊತ್ತು ನೋಡಿದರು. "ಬದಿ ಎಲ್ಲಾ ಸರಿಯಾಗೇ ಅಳೆದಿದ್ದೆ ಅಜ್ಜಾರೇ" ಅಂದರು. "ನೀನು ಅಳೆದದ್ದು ಸರಿಯೇ ಇತ್ತಪ್ಪ, ಇದೊಂದು ಅಳತೆ ಬಿಟ್ಟಿದ್ದೆ" ಅಂದರು ಅಜ್ಜ. 21 ಗುಂಟೆಯ ಕೂಲಿ ಎಣಿಸಿ ಕೊಟ್ಟರು. ಇದು ಕೂಲಿಗೆ, ಬೀಜ ಗೊಬ್ಬರಕ್ಕೆ ಸಾಕಾಗುವ ಅಳತೆ ಅಂತ ಅಜ್ಜನಿಗೆ ಚೆನ್ನಾಗಿ ಗೊತ್ತಿತ್ತು. ಬದುವಿನ ತಕರಾರು ಬಂದರೆ ಮಾತ್ರ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರನ್ನೇ ಕರೆಸಬೇಕು ಅನ್ನುತ್ತಿದ್ದರು.

ಟ್ರ್ಯಾಕ್ಟರಿನವರು ಹೋಗುವಾಗ ಆ ಐದು ದಂಟಿನ ಚೌಕ ಕೇಳಿ ತಗೊಂಡು ಹೋದರು. ಕೊಟ್ಟಿಗೆ ಗೋಡೆಯ ಎರಡು ಮೊಳೆ ಇನ್ನೂ ಇವೆ. ಹೋದ ಸಲ ಊರಿಗೆ ಹೋದಾಗ ಅವುಗಳ ನಡುವೆ ನಡೆದು ನೋಡಿದೆ. ಈಗ ನನಗೆ ಹಗ್ಗಕ್ಕೆ 14 ಹೆಜ್ಜೆ.

ನಮಸ್ಕಾರ.