ಟೇಬಲ್ ಬಿಡಿ, ಜಿಗಿತ ನೋಡಿ

ನಮಸ್ಕಾರ. ಹೋದ ವಿಡಿಯೊ ಕೆಳಗೆ ಚಿಂತಾಮಣಿಯವರೊಬ್ಬರು ಬರೆದಿದ್ದಾರೆ: "ಸರ್, ಟೈಟ್ರೇಶನ್‌ನಲ್ಲಿ ವೀಕ್ ಆಸಿಡ್, ಸ್ಟ್ರಾಂಗ್ ಬೇಸ್ ಅಂದ್ರೆ ಇಂಡಿಕೇಟರ್ ಫಿನಾಲ್ಫ್ಥಲೀನ್. ವೈವಾಗೆ ಟೇಬಲ್‌ನ ಆ ಒಂದು ಲೈನ್ ಸಾಕು."

ಸಾಕಾಗಲ್ಲ ಕಣಪ್ಪ. "ಮಿಥೈಲ್ ಆರೆಂಜ್ ಯಾಕೆ ಬೇಡ?" ಅಂತ ಎಕ್ಸಾಮಿನರ್ ಕೇಳಿದ ತಕ್ಷಣ ಆ ಲೈನ್ ಖಾಲಿ. ಆಸಿಡ್ ಹೆಸರು ನೋಡಿ ಇಂಡಿಕೇಟರ್ ಆರಿಸಬೇಡಿ, ಎಂಡ್ ಪಾಯಿಂಟ್ ಹತ್ತಿರ ಪಿಎಚ್ ಎಲ್ಲಿಂದ ಎಲ್ಲಿಗೆ ಜಿಗಿಯುತ್ತೆ ಅದನ್ನ ನೋಡಿ.

ಫ್ಲಾಸ್ಕ್‌ನಲ್ಲಿ 0.1 ಮೋಲಾರ್ ಅಸಿಟಿಕ್ ಆಸಿಡ್ 20 ಎಂಎಲ್ ಇದೆ. ಬ್ಯುರೆಟ್‌ನಲ್ಲಿ ಅಷ್ಟೇ ಮೋಲಾರಿಟಿಯ ಸೋಡಿಯಂ ಹೈಡ್ರಾಕ್ಸೈಡ್. ಮಿಥೈಲ್ ಆರೆಂಜ್ ಬಣ್ಣ ಬದಲಾಗೋದು ಪಿಎಚ್ 3.1ರಿಂದ 4.4ರೊಳಗೆ. ಅರ್ಧ ಎಂಎಲ್ ಬೀಳೋ ಮೊದಲೇ ಕೆಂಪು ಸಡಿಲ ಆಗೋಕೆ ಶುರು, ಆರು ಎಂಎಲ್ ಹೊತ್ತಿಗೆ ಪೂರ್ತಿ ಹಳದಿ. ಬೇಕಾಗಿದ್ದು 20, ಸಿಕ್ಕಿದ್ದು 6! ಅದೂ ಒಂದು ಡ್ರಾಪ್‌ನಲ್ಲಿ ಅಲ್ಲ, ನಿಧಾನವಾಗಿ ಜಾರಿಕೊಂಡು. ಮೂರು ಸಲ ಮಾಡಿದರೆ ಮೂರು ರೀಡಿಂಗ್.

ಈಗ ಜಿಗಿತ ನೋಡಿ. 19.95 ಎಂಎಲ್‌ಗೆ ಪಿಎಚ್ ಸುಮಾರು 7.4. 20.05ಕ್ಕೆ 10.1. ಎರಡು ಡ್ರಾಪ್ ಅಷ್ಟೇ. ಫಿನಾಲ್ಫ್ಥಲೀನ್‌ನ 8.3ರಿಂದ 10 ಪೂರ್ತಿ ಆ ಜಿಗಿತದೊಳಗೇ ಕೂತಿದೆ. ಉತ್ತರ ಇದು. ಟೇಬಲ್ ಅಲ್ಲ, ಇದು!

"ಈಕ್ವಿವಲೆನ್ಸ್ ಅಂದ್ರೆ 7 ಅಲ್ವಾ, ಬ್ರೋಮೋಥೈಮಾಲ್ ಬ್ಲೂ ಹಾಕ್ತೀವಿ" ಅಂತ ಇನ್ನೊಬ್ಬರು. ಯಾರು ಹೇಳಿದ್ದು 7 ಅಂತ? ಇಲ್ಲಿ ಅದು 8.7. ಉಳಿದಿರೋ ಅಸಿಟೇಟ್ ಅಯಾನು ನೀರಿನಿಂದ ಪ್ರೋಟಾನ್ ಕಿತ್ಕೊಂಡು ಹೈಡ್ರಾಕ್ಸೈಡ್ ಬಿಡುತ್ತೆ, ಅದಕ್ಕೇ. ಬ್ರೋಮೋಥೈಮಾಲ್ ಬ್ಲೂ 6ಕ್ಕೇ ತಿರುಗೋಕೆ ಶುರು, ಅಂದರೆ 19 ಎಂಎಲ್‌ಗೂ ಸ್ವಲ್ಪ ಮೊದಲೇ. ಆಮೇಲೆ ಒಂದು ಎಂಎಲ್ ಉದ್ದಕ್ಕೂ ಹಸಿರು ನೋಡ್ತಾ ಕೂರಬೇಕು. ಎಲ್ಲಿ ನಿಲ್ಲಿಸ್ತೀರಿ?

"ಹಾಗಾದರೆ ಹೈಡ್ರೋಕ್ಲೋರಿಕ್ ಆಸಿಡ್‌ಗೆ ಮಿಥೈಲ್ ಆರೆಂಜ್, ಫಿನಾಲ್ಫ್ಥಲೀನ್ ಎರಡೂ ಹೇಗೆ ನಡೆಯುತ್ತೆ?" ಅದಕ್ಕೂ ಅದೇ ಉತ್ತರ! ಅಲ್ಲಿ ಅದೇ ಎರಡು ಡ್ರಾಪ್‌ಗೆ ಪಿಎಚ್ 3.9ರಿಂದ 10.1ಕ್ಕೆ ಹಾರುತ್ತೆ. ಮಿಥೈಲ್ ಆರೆಂಜ್ ಹಳದಿಯಾಗೋ 4.4 ಕೂಡ ಆ ಹಾದಿಯಲ್ಲೇ ಸಿಗುತ್ತೆ. ಜಿಗಿತ ನೋಡ್ರಿ, ಜಿಗಿತ!

ಫಿನಾಲ್ಫ್ಥಲೀನ್‌ನ ಗುಲಾಬಿ ಬಂದು ಮಾಯ ಆಯ್ತು ಅನ್ನೋರಿಗೆ: ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಪಿಎಚ್ ಇಳಿಸುತ್ತೆ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ರೀಡಿಂಗ್ ಬರ್ಕೊಳ್ಳಿ, ಆಮೇಲೆ ಮಾಸಿದರೆ ಇನ್ನೊಂದು ಡ್ರಾಪ್ ಹಾಕಬೇಡಿ.

ಕೋಲಾರ, ಶಿರಾ, ಗೌರಿಬಿದನೂರು ಕಡೆ ಬಿಎಸ್ಸಿ ಓದೋರು ಸಬ್‌ಸ್ಕ್ರೈಬ್ ಮಾಡಿ, ಗ್ರೂಪಿಗೆ ಹಾಕಿ. "ಟೇಬಲ್ ಸಾಕು" ಅಂತ ಇನ್ನೂ ಹಟ ಮಾಡೋರು ಅಸಿಟಿಕ್ ಆಸಿಡ್‌ಗೆ ಅಮೋನಿಯಾ ಹಾಕೋಕೆ ಇಂಡಿಕೇಟರ್ ಆರಿಸಿ ಕಾಮೆಂಟ್ ಮಾಡಿ. ಸಿಗಲ್ಲ. ಅಲ್ಲಿ ಜಿಗಿತವೇ ಇಲ್ಲ!