ದೂರಿನ ಪ್ರತಿ ಇಲ್ಲದ ನೋಟಿಸ್ ನೋಟಿಸೇ ಅಲ್ಲ

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಎಚ್‌ಆರ್‌ನಲ್ಲಿ ಕೆಲಸ ಮಾಡುವ ಒಬ್ಬರು ಬರೆದಿದ್ದಾರೆ: "ಆಂತರಿಕ ಸಮಿತಿಯ ನೋಟಿಸ್‌ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ? ವಿಚಾರಣೆ ಶುರುವಾಗಿದೆ, ವಿಷಯ ಗೌಪ್ಯ, ಯಾರ ಹತ್ತಿರವೂ ಮಾತಾಡಬೇಡಿ ಅಂತ ಇಬ್ಬರಿಗೂ ಒಂದು ಮೇಲ್ ಹಾಕಿದ್ರೆ ಮುಗೀತು." ಇದಕ್ಕೆ ಲೈಕುಗಳು ಬೇರೆ ಬಿದ್ದಿವೆ! ಇಲ್ಲ ಸ್ವಾಮಿ, ಮುಗಿಯಲಿಲ್ಲ. ಕೇಸು ಕೆಡೋದು ಆ ಒಂದು ಮೇಲ್‌ನಿಂದಲೇ.

ನಾನು ಹೇಳ್ತಿರೋದು 2013ರ ಪೋಶ್ ಕಾಯ್ದೆಯ ಬಗ್ಗೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲೆ ನಡೆಯೋ ಲೈಂಗಿಕ ಕಿರುಕುಳದ ದೂರುಗಳನ್ನ ಆಂತರಿಕ ಸಮಿತಿ ವಿಚಾರಿಸುತ್ತಲ್ಲ, ಅದು. ನನ್ನ ಮಾತು ಒಂದೇ: ಗೌಪ್ಯತೆ ಇರೋದು ಹೊರಗಿನವರಿಂದ ವಿಷಯ ಕಾಪಾಡೋದಕ್ಕೆ. ಒಳಗಿರೋ ಇಬ್ಬರನ್ನ ಕತ್ತಲಲ್ಲಿ ಕೂರಿಸೋದಕ್ಕಲ್ಲ.

ಒಂದು ಕೇಸನ್ನ ತಾರೀಕಿನ ಸಮೇತ ನೋಡೋಣ. ಶನಿವಾರ, ಭಾನುವಾರ ರಜೆ ಇರೋ ಬೆಂಗಳೂರಿನ ಒಂದು ಕಚೇರಿ ಅಂದ್ಕೊಳ್ಳಿ. 2025ರ ಜೂನ್ 2, ಸೋಮವಾರ, ಸಮಿತಿಗೆ ಲಿಖಿತ ದೂರು ಬಂತು. ನಿಯಮ ಕೇಳೋದು ದೂರಿನ ಆರು ಪ್ರತಿ, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ. ಅದರಲ್ಲಿ ಒಂದು ಪ್ರತಿಯನ್ನ ಸಮಿತಿ ಏಳು ಕೆಲಸದ ದಿನಗಳೊಳಗೆ ಪ್ರತಿವಾದಿಗೆ ಕಳಿಸಬೇಕು. ಮಂಗಳವಾರದಿಂದ ಎಣಿಸಿದ್ರೆ ಜೂನ್ 11ಕ್ಕೆ ಗಡುವು. ಗಮನಿಸಿ, ಕಳಿಸಬೇಕಾದ್ದು ದೂರಿನ ಪ್ರತಿ. "ನಿಮ್ಮ ಮೇಲೆ ದೂರು ಬಂದಿದೆ" ಅನ್ನೋ ಸುದ್ದಿಯಲ್ಲ. ಆತನ ಕೈಗೆ ಅದು 11ರಂದೇ ಸಿಕ್ಕಿದ್ರೆ ಅಲ್ಲಿಂದ ಹತ್ತು ಕೆಲಸದ ದಿನ, ಅಂದ್ರೆ ಜೂನ್ 25ರೊಳಗೆ, ಆತ ಉತ್ತರ, ತನ್ನ ದಾಖಲೆಗಳ ಪಟ್ಟಿ, ತನ್ನ ಸಾಕ್ಷಿಗಳ ಹೆಸರು-ವಿಳಾಸ ಕೊಡಬೇಕು.

ಈಗ ಆ ಒಂದು ಸಾಲಿನ ಮೇಲ್ ಕಳಿಸಿ ನೋಡಿ. ದೂರಿನಲ್ಲಿ ಏನಿದೆ ಅಂತಲೇ ಗೊತ್ತಿಲ್ಲದ ಮನುಷ್ಯ ಯಾವುದಕ್ಕೆ ಉತ್ತರ ಬರೀತಾನೆ? "ಎಲ್ಲ ಸುಳ್ಳು" ಅಂತ ಎರಡು ಸಾಲು ಬರೆದು ಕಳಿಸ್ತಾನೆ. ತಿಂಗಳು ಕಳೆದ ಮೇಲೆ ವಿಚಾರಣೆಯಲ್ಲಿ ದೂರು ಓದಿ ಹೇಳಿದಾಗ, ನನಗೆ ಇದು ಇವತ್ತೇ ಗೊತ್ತಾಗಿದ್ದು, ಸಮಯ ಕೊಡಿ ಅಂತಾನೆ. ಕೊಡಲೇಬೇಕು. 90 ದಿನದಲ್ಲಿ ಮುಗೀಬೇಕಾದ ವಿಚಾರಣೆ ಅಲ್ಲೇ ಜಾರಿತು. ಕೊಡಲಿಲ್ಲ ಅಂದ್ರೆ ಇನ್ನೂ ಕಷ್ಟ. ವರದಿ ಬಂದ ಮೇಲೆ ಮೇಲ್ಮನವಿ ಹಾಕಿ "ನನಗೆ ದೂರಿನ ಪ್ರತಿಯನ್ನೇ ಕೊಟ್ಟಿಲ್ಲ" ಅಂತ ಹೇಳೋಕೆ ಅವನಿಗೆ ನೀವೇ ದಾರಿ ಮಾಡಿಕೊಟ್ಟ ಹಾಗಾಯ್ತು. ಆಗ ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾದವಳು ಯಾರು? ದೂರು ಕೊಟ್ಟ ಹೆಣ್ಣುಮಗಳು!

"ಪ್ರತಿ ಕೊಟ್ರೆ ಗೌಪ್ಯತೆ ಹೋಗಲ್ವಾ?" ಅಂತಾರೆ. ಯಾರಿಂದ ಗೌಪ್ಯ ಇಡ್ತಿದ್ದೀರಿ ಸಾರ್? ಆರೋಪ ಯಾರ ಮೇಲಿದೆಯೋ ಅವರಿಂದಲೇ? 16ನೇ ಸೆಕ್ಷನ್ ಓದಿ. ದೂರಿನ ವಿವರ, ಇಬ್ಬರ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯ ಕಲಾಪ, ಶಿಫಾರಸು, ಇವು ಸಾರ್ವಜನಿಕರಿಗೆ, ಪತ್ರಿಕೆಗೆ, ಮಾಧ್ಯಮಕ್ಕೆ ಹೋಗಬಾರದು ಅನ್ನುತ್ತೆ. ಪ್ರತಿವಾದಿ ಸಾರ್ವಜನಿಕರಲ್ಲ. ದೂರುದಾರೆಯ ಅಮ್ಮ, ಆಕೆಯ ವೈದ್ಯರು, ಸಲಹೆ ಕೊಡೋ ವಕೀಲರು ಪತ್ರಿಕೆಯವರಲ್ಲ.

ಈ ತರಹದ ವಿಷಯಗಳನ್ನ ಕನ್ನಡದಲ್ಲಿ ಬಿಡಿಸಿ ಹೇಳೋ ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ ಅಂದ್ರೆ ಈಗಲೇ ಆಗಿ. ನಿಮ್ಮ ಕಚೇರಿಯ ಸಮಿತಿಯವರಿಗೂ ಈ ವಿಡಿಯೋ ಕಳಿಸಿ. ಅವರಿಗೇ ಮುಖ್ಯವಾಗಿ ಕಳಿಸಿ.

ಯಾಕಂದ್ರೆ, ಗೌಪ್ಯತೆ ಮುರಿದ್ರೆ ದಂಡ ಅಂತ ದೂರುದಾರೆಗೆ ದಪ್ಪಕ್ಷರದಲ್ಲಿ ಬರೆದು ಹೆದರಿಸ್ತೀರಲ್ಲ, ಆ 17ನೇ ಸೆಕ್ಷನ್ ಬೊಟ್ಟು ಮಾಡೋದು ಯಾರ ಕಡೆಗೆ? ದೂರನ್ನ, ವಿಚಾರಣೆಯನ್ನ, ಶಿಫಾರಸನ್ನ ನಿರ್ವಹಿಸೋ ಹೊಣೆ ಹೊತ್ತವರ ಕಡೆಗೆ. ಅಂದ್ರೆ ಸಮಿತಿ, ಎಚ್‌ಆರ್, ಆಡಳಿತ. ಸೇವಾ ನಿಯಮದಲ್ಲಿ ಬೇರೆ ಶಿಕ್ಷೆ ಇಲ್ಲದಿದ್ರೆ 5,000 ರೂಪಾಯಿ. ಸೋರಿಕೆ ಆಗೋದೂ ಹೆಚ್ಚಾಗಿ ಅಲ್ಲಿಂದಲೇ. ಮೀಟಿಂಗ್ ರೂಮ್ ಬುಕ್ ಮಾಡುವಾಗ ಎಲ್ಲರಿಗೂ ಕಾಣೋ ಕ್ಯಾಲೆಂಡರ್‌ನಲ್ಲಿ "ಪೋಶ್ ವಿಚಾರಣೆ" ಅಂತ ಹಾಕಿ, ಕೆಳಗೆ ಇಬ್ಬರ ಹೆಸರನ್ನೂ ಸೇರಿಸಿರ್ತಾರೆ. ಅಲ್ಲಿಗೆ ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಮಹಡಿಗೆ ಸುದ್ದಿ. ಮೇಲ್‌ನ ವಿಷಯದ ಸಾಲಿನಲ್ಲಿ ಕೇಸಿನ ಸಂಖ್ಯೆ ಮಾತ್ರ ಇರಲಿ, "ಐಸಿ 03/2025" ಅಂತ. ಮ್ಯಾನೇಜರ್‌ಗೆ ಸಿಸಿ ಹಾಕಬೇಡಿ. ಇಬ್ಬರನ್ನೂ ಒಂದೇ ಮೇಲ್‌ನಲ್ಲಿ ಸೇರಿಸೋದಂತೂ ಬೇಡವೇ ಬೇಡ!

ಹಾಗಾದ್ರೆ ಎರಡು ಪತ್ರ, ಬೇರೆ ಬೇರೆ. ಪ್ರತಿವಾದಿಯ ಪತ್ರದಲ್ಲಿ ದೂರಿನ ಪ್ರತಿ, ಉತ್ತರಕ್ಕೆ ಕೊನೆಯ ತಾರೀಕು, ಆರೋಪ ಇನ್ನೂ ಸಾಬೀತಾಗಿಲ್ಲ ಅನ್ನೋ ಸಾಲು, ದೂರುದಾರೆಯನ್ನಾಗಲಿ ಸಾಕ್ಷಿಗಳನ್ನಾಗಲಿ ಸಂಪರ್ಕಿಸಿ ಒತ್ತಡ ಹಾಕಬಾರದು ಅನ್ನೋ ಸೂಚನೆ. ಸಕಾರಣವಿಲ್ಲದೆ ಸತತ ಮೂರು ವಿಚಾರಣೆಗೆ ಬಾರದಿದ್ರೆ, 15 ದಿನದ ಲಿಖಿತ ನೋಟಿಸ್ ಕೊಟ್ಟು ಏಕಪಕ್ಷೀಯವಾಗಿ ತೀರ್ಮಾನಿಸಬಹುದು ಅನ್ನೋದೂ ಇರಲಿ. ವಕೀಲರು ಸಮಿತಿಯ ಮುಂದೆ ವಾದಿಸೋ ಹಾಗಿಲ್ಲ ಅಂತ ಇಬ್ಬರಿಗೂ ಹೇಳಿ. ಹೊರಗೆ ಸಲಹೆ ಪಡೆಯೋಕೆ ಅಡ್ಡಿಯಿಲ್ಲ ಅಂತಲೂ ಹೇಳಿ.

ದೂರುದಾರೆಯ ಪತ್ರದಲ್ಲಿ ಹೆಚ್ಚಾಗಿ ಬಿಟ್ಟುಹೋಗೋದು ಮಧ್ಯಂತರ ಪರಿಹಾರ. ವಿಚಾರಣೆ ನಡೆಯೋವಾಗ ಆಕೆ ಲಿಖಿತವಾಗಿ ಕೇಳಿದ್ರೆ, ಇಬ್ಬರಲ್ಲಿ ಒಬ್ಬರ ವರ್ಗಾವಣೆಗೆ, ಆಕೆಗೆ ಮೂರು ತಿಂಗಳವರೆಗೆ ರಜೆ ಕೊಡೋದಕ್ಕೆ, ಆಕೆಯ ಕೆಲಸದ ಮೌಲ್ಯಮಾಪನ ಆತ ಮಾಡದಂತೆ ತಡೆಯೋದಕ್ಕೆ ಸಮಿತಿ ಶಿಫಾರಸು ಮಾಡಬಹುದು. ಆ ರಜೆ ಆಕೆಯ ಸ್ವಂತ ರಜೆಯಿಂದ ಕಳೆಯೋ ಹಾಗಿಲ್ಲ. ಕೇಳಬಹುದು ಅಂತ ಗೊತ್ತಿಲ್ಲದವಳು ಕೇಳೋದು ಹೇಗೆ? ಅದರ ಬದಲು ಏನು ಬರೀತಾರೆ? "ಸುಳ್ಳು ದೂರಿಗೆ ಕ್ರಮ ಜರುಗಿಸಲಾಗುವುದು." ಮೊದಲ ಪತ್ರದಲ್ಲೇ! ದೂರು ಸಾಬೀತು ಮಾಡೋಕೆ ಆಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಕ್ರಮ ಇಲ್ಲ ಅಂತ ಅದೇ 14ನೇ ಸೆಕ್ಷನ್ ಹೇಳುತ್ತೆ. ಆ ಅರ್ಧವನ್ನ ಯಾಕೆ ನುಂಗ್ತೀರಿ?

ಗೌಪ್ಯತೆಯ ಪ್ಯಾರಾ ಹೀಗಿರಲಿ, ಬೇಕಿದ್ರೆ ವಿಡಿಯೋ ನಿಲ್ಲಿಸಿ ಬರ್ಕೊಳ್ಳಿ: "ಈ ದೂರಿನ ವಿವರಗಳನ್ನು ಸಹೋದ್ಯೋಗಿಗಳೊಂದಿಗೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಥವಾ ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳಬೇಡಿ. ನಿಮ್ಮ ಕುಟುಂಬದವರು, ವೈದ್ಯರು, ಆಪ್ತಸಮಾಲೋಚಕರು, ಕಾನೂನು ಸಲಹೆಗಾರರು ಮತ್ತು ಪೊಲೀಸರೊಂದಿಗೆ ಮಾತನಾಡಲು ಈ ಸೂಚನೆ ಅಡ್ಡಿಯಲ್ಲ. ಸಂದೇಹವಿದ್ದರೆ ಸಮಿತಿಯ ಅಧ್ಯಕ್ಷೆಯನ್ನು ಕೇಳಿ." ಮೂರೇ ವಾಕ್ಯ.

"ಇಷ್ಟು ಬರೆದ್ರೆ ನೋಟಿಸ್ ಎರಡು ಪುಟ ಆಗುತ್ತೆ" ಅಂತ ಇನ್ನೊಬ್ಬರ ದೂರು. ಆಗಲಿ ಬಿಡಿ! ಲ್ಯಾಪ್‌ಟಾಪ್ ವಾಪಸ್ ಮಾಡೋಕೆ ನಾಲ್ಕು ಪುಟದ ಫಾರಂ ತುಂಬಿಸ್ಕೊಳ್ಳೋ ಕಚೇರಿಗಳಿಗೆ ಇದಕ್ಕೆ ಮಾತ್ರ ಕಾಗದ ಸಾಲಲ್ವಾ? ದೂರಿನ ಪ್ರತಿ ಲಗತ್ತಿಸಿ. ಲಗತ್ತಿಸಿ ಅಂದ್ರೆ ಲಗತ್ತಿಸಿ. ಗೌಪ್ಯ, ಗೌಪ್ಯ ಅಂತ ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.

ಮುಂದಿನ ಸಂಚಿಕೆ ಪಾಟೀಸವಾಲಿನ ಬಗ್ಗೆ: ಇಬ್ಬರನ್ನೂ ಎದುರುಬದುರು ಕೂರಿಸದೆ ಪ್ರಶ್ನೆಗಳನ್ನ ಬರೆದು ಕೇಳಿಸೋದು ಹೇಗೆ ಅಂತ. ನಿಮ್ಮ ಕಚೇರಿಯ ನೋಟಿಸ್ ಮಾದರಿ ಇದ್ರೆ ಕಳಿಸಿ, ಸಾಲು ಸಾಲಾಗಿ ಓದಿ ಹೇಳ್ತೀನಿ. ಖಾಲಿ ಮಾದರಿ ಮಾತ್ರ ಕಳಿಸಿ, ಯಾರ ಹೆಸರೂ, ಕೇಸಿನ ಸಂಖ್ಯೆಯೂ ಅದರಲ್ಲಿ ಇರಬಾರದು.