ಆಡಿಟರುಗಳ ಮುಂದೆ ✅ ಹಾಕುವ ಮುನ್ನ

ನಮಸ್ಕಾರ. ಕಳೆದ ಕಂತಿನ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಸರ್, ವಿಷಯ ಚೆನ್ನಾಗಿದೆ, ಆದರೆ ಕ್ಯಾಪ್ಶನ್ ಕಚೇರಿಯ ಸುತ್ತೋಲೆಯಂತಿದೆ. ನಾಲ್ಕು ಇಮೋಜಿ ಹಾಕಿ, ಆಡಿಟರುಗಳೂ ಮನುಷ್ಯರೇ." ಮನುಷ್ಯರೇ ಎಂಬುದನ್ನು ಒಪ್ಪುತ್ತೇನೆ, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅವರ ಮುಖ ನೋಡಿದವರಿಗೆ ಅನುಮಾನ ಬಂದರೆ ಅದು ಬೇರೆ ಮಾತು. ಆದರೆ ಲೆಕ್ಕಪತ್ರ ನೋಡುವವರಿಗೆ ಚಿಹ್ನೆ ಎಂಬುದು ಅಲಂಕಾರವಲ್ಲ, ಅದೊಂದು ನಮೂದು.

ಈ ✅ ಗುರುತನ್ನೇ ನೋಡಿ. ನಾವು ವಿಡಿಯೋ ಮಾಡುವವರು ಸಾಲಿನ ಮೊದಲಿಗೆ ಚುಕ್ಕಿ ಇಡುವ ಬದಲು ಅದನ್ನು ಒತ್ತಿಬಿಡುತ್ತೇವೆ. ಆಡಿಟ್ ಕೋಣೆಯಲ್ಲಿ ಟಿಕ್ ಹಾಕಿದರೆ, ಈ ಮೊತ್ತವನ್ನು ವೋಚರಿನೊಂದಿಗೆ ನಾನೇ ತಾಳೆ ನೋಡಿದ್ದೇನೆ ಎಂದು ಅರ್ಥ; ವೋಚರು ತೆರೆಯದೆಯೇ ಟಿಕ್ ಹಾಕಿದ ಆರ್ಟಿಕಲ್ ಹುಡುಗನಿಗೆ ಅಂದು ಸಂಜೆ ಏನಾಗುತ್ತದೆ ಎಂಬುದನ್ನು ಆ ಹುಡುಗರನ್ನೇ ಕೇಳಬೇಕು. ಅಂಥವರ ಕಣ್ಣಿಗೆ "✅ ತೆರಿಗೆ ಉಳಿಸುವ 5 ದಾರಿ" ಎಂಬ ಸಾಲು ಬಿದ್ದರೆ, ಇದನ್ನು ಪರಿಶೀಲಿಸಿದವರು ಯಾರು ಎಂಬ ಪ್ರಶ್ನೆ ಮೊದಲು ಏಳುತ್ತದೆ. ವಿಡಿಯೋ ನೋಡುವುದು ಆಮೇಲಿನ ಮಾತು.

ಇನ್ನು 📅. ಐಫೋನಿನಲ್ಲಿ ಈ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅದರ ಮೇಲೆ ಜುಲೈ 17 ಎಂದು ಅಚ್ಚಾಗಿರುತ್ತದೆ. ನೀವು ನವೆಂಬರ್ 20ರ ಗಡುವನ್ನು ನೆನಪಿಸುತ್ತೀರಿ, ಪಕ್ಕದ ಚಿತ್ರ ಜುಲೈ 17 ಎನ್ನುತ್ತದೆ. ಯಾರು ಗಮನಿಸುತ್ತಾರೆ ಎಂದು ಕೇಳುತ್ತೀರಾ? ಒಂದು ಪೈಸೆಯ ವ್ಯತ್ಯಾಸಕ್ಕೆ ಟ್ರಯಲ್ ಬ್ಯಾಲೆನ್ಸ್ ಹಿಡಿದು ರಾತ್ರಿ ಕೂತವರು ಗಮನಿಸುತ್ತಾರೆ. 📈 ಚಿತ್ರದ್ದೂ ಇದೇ ಕಥೆ. ಇಮೋಜಿ ಹುಟ್ಟಿದ ಜಪಾನಿನ ಷೇರುಪೇಟೆಯಲ್ಲಿ ಏರಿಕೆಯ ಬಣ್ಣ ಕೆಂಪು. ಹಾಗಾಗಿ ಐಫೋನಿನಲ್ಲಿ ಏರುವ ಗೆರೆಯೂ ಕೆಂಪಾಗಿಯೇ ಇದೆ. ನಮ್ಮಲ್ಲಿ ಕೆಂಪು ಕಂಡರೆ ನಷ್ಟ. 💰 ಚೀಲದ ಮೇಲಂತೂ ಡಾಲರ್ ಗುರುತು. ಕೀಲಿಮಣೆಯಲ್ಲೇ ₹ ಇರುವಾಗ ಆ ಚೀಲ ನಮಗೇಕೆ?

ಈಗ ಒಂದು ಕ್ಯಾಪ್ಶನ್ ನೋಡೋಣ. ಬೇರೆ ಯಾರದ್ದೋ ಅಲ್ಲ, ಎರಡು ವರ್ಷದ ಹಿಂದೆ ನಾನೇ ಹಾಕಿದ್ದು:

"🚨🚨 ಫ್ರೆಂಡ್ಸ್, 3ಬಿ ಡೆಡ್‌ಲೈನ್ ಬಂದೇಬಿಡ್ತು 📅🔥 ಮಿಸ್ ಮಾಡಿದ್ರೆ ಕಥೆ ಮುಗೀತು 💸😱"

ಇದರಲ್ಲಿ ಆರು ಇಮೋಜಿ ಇವೆ, ಒಂದು ತಾರೀಕೂ ಇಲ್ಲ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಕೊನೆಯ ದಿನ ಮುಂದಿನ ತಿಂಗಳ 20. ತ್ರೈಮಾಸಿಕವಾಗಿ ಸಲ್ಲಿಸುವ ಕರ್ನಾಟಕದವರಿಗೆ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 22. ನಾನು ಯಾರಿಗೆ ಹೇಳಿದೆ ಎಂಬುದು ಇಮೋಜಿಯಿಂದ ತಿಳಿಯುವುದಿಲ್ಲ. ಅಲ್ಲದೆ ಗಡುವಿನ ಗಾಬರಿ ಕಕ್ಷಿದಾರನದು. ತಿಂಗಳು ತಿಂಗಳೂ ಅದೇ ಕೆಲಸ ಮಾಡುವವರ ಮುಂದೆ 🚨 ಊದುವುದೆಂದರೆ ಅಡುಗೆ ಭಟ್ಟರಿಗೆ ಒಲೆ ಬಿಸಿಯಿದೆ ಎಂದು ಎಚ್ಚರಿಸಿದಂತೆ. ಈಗ ಬರೆದರೆ ಹೀಗೆ ಬರೆಯುತ್ತೇನೆ:

"ಜಿಎಸ್‌ಟಿಆರ್-3ಬಿ, ಅಕ್ಟೋಬರ್ ತಿಂಗಳದ್ದು: ಮಾಸಿಕ ಸಲ್ಲಿಕೆಗೆ ನವೆಂಬರ್ 20 ಕೊನೆಯ ದಿನ. ಖರೀದಿ ಪುಸ್ತಕದಲ್ಲಿದ್ದು 2ಬಿಯಲ್ಲಿ ಕಾಣದ ಬಿಲ್ಲುಗಳನ್ನು ಪಟ್ಟಿ ಮಾಡುವ ಕ್ರಮ ಈ ವಿಡಿಯೋದಲ್ಲಿದೆ. 🧾"

ಯಾವ ರಿಟರ್ನ್, ಯಾರಿಗೆ, ಯಾವ ದಿನ ಎಂಬುದು ಮೊದಲ ವಾಕ್ಯದಲ್ಲೇ ಬಂದಿದೆ. "ಇನ್ನಷ್ಟು ಓದಿ" ಒತ್ತದವರಿಗೂ ಅಷ್ಟು ಸಿಗುತ್ತದೆ. 🧾 ಕೊನೆಯಲ್ಲಿದೆ, ಅಂಕಿಯ ಜಾಗವನ್ನು ಕಸಿದುಕೊಂಡಿಲ್ಲ. ಅದನ್ನು ಅಳಿಸಿದರೂ ವಾಕ್ಯದ ಅರ್ಥ ಕೆಡುವುದಿಲ್ಲ. ನಾನು ಪ್ರತಿ ಸಲ ಮಾಡುವ ಪರೀಕ್ಷೆ ಇದೊಂದೇ: ಇಮೋಜಿಗಳನ್ನೆಲ್ಲ ಅಳಿಸಿ ಓದುತ್ತೇನೆ, ಏನಾದರೂ ಕಳೆದುಹೋದರೆ ಅದನ್ನು ಅಕ್ಷರದಲ್ಲಿ ಬರೆಯುತ್ತೇನೆ. ಇದನ್ನೆಲ್ಲ ನನ್ನ ವಾರದ ಪತ್ರದಲ್ಲಿ ಉದಾಹರಣೆ ಸಹಿತ ಕೊಡುತ್ತೇನೆ. ಚಂದಾ ಉಚಿತ, ರಸೀದಿ ಕೇಳಬೇಡಿ.

"ಇಮೋಜಿ ಇದ್ದರೆ ಹೆಚ್ಚು ಜನ ನೋಡುತ್ತಾರೆ" ಎನ್ನುವವರಿದ್ದಾರೆ. ನೋಡಲಿ. ಜಾತ್ರೆಯಲ್ಲಿ ಬಲೂನನ್ನೂ ಹೆಚ್ಚು ಜನ ನೋಡುತ್ತಾರೆ, ಬಲೂನು ಮಾರುವವನ ಕೈಗೆ ಯಾರೂ ಬ್ಯಾಲೆನ್ಸ್ ಶೀಟ್ ಕೊಡುವುದಿಲ್ಲ. "ಹೊಸ ಪೀಳಿಗೆಯ ಸಿಎಗಳು ಹಾಗಿಲ್ಲ ಸರ್" ಎನ್ನುತ್ತಾರೆ. ಹೊಸ ಪೀಳಿಗೆ ವೋಚರು ನೋಡದೆ ಟಿಕ್ ಹಾಕುತ್ತದೆಯೇ? ಇಲ್ಲವಲ್ಲ! ಚಿಹ್ನೆ ಎಂದರೆ ನಮೂದು, ನಮೂದು, ನಮೂದು. ಕಾರಣ ಇನ್ನೂ ಬೇಕೆಂದರೆ ನನ್ನ ಬಳಿ ಇಲ್ಲ, ನನಗೆ 🔥 ಕಂಡರೆ ಆಗುವುದಿಲ್ಲ, ಅಷ್ಟೇ.

ಈ ಕಂತಿನ ಕ್ಯಾಪ್ಶನ್‌ನಲ್ಲಿ ಒಂದೇ ಒಂದು ಇಮೋಜಿ ಇದೆ. ನಾಲ್ಕು ಬೇಕೆಂದು ಕೇಳಿದ ಮಹನೀಯರು ಉಳಿದ ಮೂರನ್ನು ಕಾಮೆಂಟಿನಲ್ಲಿ ತಾವೇ ಹಾಕಿಕೊಳ್ಳಬಹುದು. ಚಾನೆಲ್ಲಿಗೆ ಅದರಿಂದಲೂ ಲಾಭವೇ.